ಬ್ಯಾಲೆನ್ಸ್ ಶೀಟ್ ಎರಡು ಬದಿಗೆ 3,000 ವ್ಯತ್ಯಾಸ, ಎಲ್ಲಿಂದ ಹುಡುಕಬೇಕು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಅಕ್ಕನ ಮಗಳು ಫಸ್ಟ್ ಪಿಯುಸಿ ಕಾಮರ್ಸ್ ಓದುತ್ತಿದ್ದಾಳೆ. ಫೈನಲ್ ಅಕೌಂಟ್ಸ್ ಪಾಠದಲ್ಲಿ ಒಬ್ಬ ಅಡಿಕೆ ವ್ಯಾಪಾರಿಯ ಲೆಕ್ಕ ಕೊಟ್ಟಿದ್ದಾರೆ. ಎಷ್ಟು ಸಲ ಕೂಡಿದರೂ ಬ್ಯಾಲೆನ್ಸ್ ಶೀಟ್ ತಾಳೆ ಆಗುತ್ತಿಲ್ಲ, 3,000 ವ್ಯತ್ಯಾಸ ಬರುತ್ತದೆ.

ಟ್ರಯಲ್ ಬ್ಯಾಲೆನ್ಸ್ ಡೆಬಿಟ್ ಬದಿ: ನಗದು 12,000, ಬ್ಯಾಂಕ್ 38,000, ಡೆಟರ್ಸ್ 60,000, ಆರಂಭದ ಸ್ಟಾಕ್ 45,000, ಖರೀದಿ 2,20,000, ಕೂಲಿ 18,000, ಸಂಬಳ 24,000, ಬಾಡಿಗೆ 11,000, ವಿಮೆ 6,000, ಪೀಠೋಪಕರಣ 40,000, ಡ್ರಾಯಿಂಗ್ಸ್ 20,000.
ಕ್ರೆಡಿಟ್ ಬದಿ: ಬಂಡವಾಳ 1,20,000, ಕ್ರೆಡಿಟರ್ಸ್ 44,000, ಸಾಲ 30,000, ಮಾರಾಟ 3,00,000.

ಅಡ್ಜಸ್ಟ್‌ಮೆಂಟ್: ವರ್ಷದ ಕೊನೆಯ ಸ್ಟಾಕ್ 52,000. ಒಂದು ತಿಂಗಳ ಬಾಡಿಗೆ 1,000 ಕೊಡುವುದು ಬಾಕಿ. ವಿಮೆಯಲ್ಲಿ 1,500 ಮುಂದಿನ ವರ್ಷದ್ದು. ಪೀಠೋಪಕರಣಕ್ಕೆ ಶೇಕಡಾ 10 ಸವಕಳಿ. ಡೆಟರ್ಸ್ ಮೇಲೆ ಶೇಕಡಾ 5 ಮೀಸಲು.

ಅವಳು ಕೇಳುವ ಇನ್ನೊಂದು ಪ್ರಶ್ನೆಗೆ ನನಗೆ ಉತ್ತರ ಗೊತ್ತಿಲ್ಲ. ಎರಡು ಬದಿ ಸಮ ಬರಲೇಬೇಕು ಅನ್ನೋದು ಯಾಕೆ? ಸುಮ್ನೆ ನಿಯಮ ಅಂತ ಒಪ್ಪಿಕೊಳ್ಳಬೇಕಾ, ಇಲ್ಲ ಕಾರಣ ಇದೆಯಾ?

ಗಾಂಧಿಬಜಾರ್ ಹುಡುಗ
ತುಂಬಾ ಸುಲಭ ಅಣ್ಣ. ವ್ಯತ್ಯಾಸವನ್ನು ಅರ್ಧ ಮಾಡಿ. 3,000ದ ಅರ್ಧ 1,500. ಲೆಕ್ಕದಲ್ಲಿ 1,500 ಯಾವುದು? ಮುಂಗಡ ಕಟ್ಟಿದ ವಿಮೆ. ಅದನ್ನು ಆಸ್ತಿ ಬದಿಗೆ ಹಾಕುವ ಬದಲು ಜವಾಬ್ದಾರಿ ಬದಿಗೆ ಹಾಕಿದ್ದಾಳೆ. ಒಂದು ಮೊತ್ತ ತಪ್ಪು ಬದಿಗೆ ಹೋದರೆ ವ್ಯತ್ಯಾಸ ಅದರ ಎರಡರಷ್ಟು ಬರುತ್ತದೆ.

ಆಗುಂಬೆ ಮಳೆ
ಗಾಂಧಿಬಜಾರ್ ಹೇಳಿದ್ದೇ ಸರಿ. ನಮ್ಮ ಟ್ಯೂಷನ್‌ನಲ್ಲೂ ಇದನ್ನೇ ಹೇಳಿಕೊಟ್ಟಿದ್ದರು. ವ್ಯತ್ಯಾಸ 9ರಿಂದ ಭಾಗ ಆದರೆ ಅಂಕಿ ಹಿಂದುಮುಂದಾಗಿದೆ ಅಂತ, 54 ಬರೆಯೋ ಕಡೆ 45 ಬರೆದ ಹಾಗೆ. 3,000 ಒಂಬತ್ತರಿಂದ ಭಾಗ ಆಗಲ್ಲ, ಹಾಗಾಗಿ ಅದು ಇಲ್ಲಿಲ್ಲ.

ಹಳೇ ಲೆಕ್ಕಿಗ
ಸ್ವಲ್ಪ ತಡೆಯಿರಿ. ಯಾವ ಬದಿ ಜಾಸ್ತಿ ಇದೆ ಅಂತ ತುಂಗಾತೀರ ಅವರು ಹೇಳೇ ಇಲ್ಲ. ಅದು ಗೊತ್ತಿಲ್ಲದೆ ಅರ್ಧ ಮಾಡುವುದು ಬರೀ ಊಹೆ. ಮುಂಗಡ ವಿಮೆ ಎಡಕ್ಕೆ ಹೋಗಿದ್ದರೆ ಎಡ, ಅಂದರೆ ಜವಾಬ್ದಾರಿ ಬದಿ ಜಾಸ್ತಿ ಇರಬೇಕು. ಎರಡೂ ಮೊತ್ತ ಹಾಕಿ, ಜೊತೆಗೆ ಅವಳಿಗೆ ಬಂದ ನಿವ್ವಳ ಲಾಭ ಎಷ್ಟು ಅಂತಲೂ ಹೇಳಿ.

ತುಂಗಾತೀರ
ಜವಾಬ್ದಾರಿ 1,96,500. ಆಸ್ತಿ 1,99,500. ಆಸ್ತಿ ಬದಿಯೇ ಜಾಸ್ತಿ. ಲಾಭದ ಅಂಕಿ ಅವಳು ಸಂಜೆ ಕಾಲೇಜಿಂದ ಬಂದ ಮೇಲೆ ನೋಡಿ ಹೇಳುತ್ತೇನೆ, ಪುಸ್ತಕ ಅವಳ ಹತ್ತಿರ ಇದೆ.

ಗಾಂಧಿಬಜಾರ್ ಹುಡುಗ
ಆಸ್ತಿ ಜಾಸ್ತಿ ಇದ್ದರೂ ವಿಮೆಯೇ ಕಾರಣ ಆಗಬಹುದಲ್ವಾ ಸರ್? ಬ್ಯಾಲೆನ್ಸ್ ಶೀಟಲ್ಲಿ ಸರಿಯಾಗಿ ಆಸ್ತಿಗೆ ಹಾಕಿ, ಲಾಭ ನಷ್ಟದ ಖಾತೆಯಲ್ಲಿ 6,000ದಿಂದ 1,500 ಕಳೆಯೋ ಬದಲು ಕೂಡಿಸಿದರೆ? ವಿಮೆ 7,500 ಆಗುತ್ತದೆ. ಲಾಭ 3,000 ಕಡಿಮೆ, ಬಂಡವಾಳವೂ 3,000 ಕಡಿಮೆ. ಆಗಲೂ ಆಸ್ತಿ ಬದಿ 3,000 ಜಾಸ್ತಿ ಕಾಣುತ್ತದೆ.

ಹಳೇ ಲೆಕ್ಕಿಗ
ಆಗಬಹುದು, ಒಳ್ಳೆ ಮಾತು. ಅದಕ್ಕೇ ಲಾಭ ಕೇಳಿದ್ದು. ಹಾಗಾಗಿದ್ದರೆ ಲಾಭ 18,500 ಬರುತ್ತದೆ, ಜವಾಬ್ದಾರಿ ಬದಿಯ ಮೊತ್ತ 1,93,500ಕ್ಕೆ ಇಳಿಯುತ್ತದೆ. ಅವಳದ್ದು 1,96,500 ಇದೆ. ಅಂದರೆ ಎಡಬದಿ ಸರಿ ಇರುವ ಸಾಧ್ಯತೆಯೇ ಹೆಚ್ಚು, ತಪ್ಪು ಬಲಗಡೆ ಇದೆ.

ಆನವಟ್ಟಿ
ಇಷ್ಟೆಲ್ಲ ಯಾಕೆ ಮಾರಾಯ್ರೆ, 3,000ವನ್ನು ಸಸ್ಪೆನ್ಸ್ ಅಕೌಂಟ್ ಅಂತ ಹಾಕಿದರೆ ಮುಗಿಯಿತು. ಅರ್ಧ ಮಾರ್ಕಾದರೂ ಸಿಗುತ್ತದೆ.

ಹಳೇ ಲೆಕ್ಕಿಗ
ಆನವಟ್ಟಿಯವರೇ, ಸಸ್ಪೆನ್ಸ್ ಹಾಕುವುದು ಟ್ರಯಲ್ ಬ್ಯಾಲೆನ್ಸೇ ತಾಳೆ ಆಗದಿದ್ದಾಗ. ಇಲ್ಲಿ ಅದು ಎರಡೂ ಬದಿ 4,94,000 ಇದೆ, ನಾನು ಕೂಡಿ ನೋಡಿದೆ. ಅಂದರೆ ಪ್ರಶ್ನೆಯಲ್ಲಿ ತಪ್ಪಿಲ್ಲ, ಅದಾದ ಮೇಲೆ ಮಾಡಿದ ಕೆಲಸದಲ್ಲಿ ತಪ್ಪಿದೆ. ಅಲ್ಲಿ ಸಸ್ಪೆನ್ಸ್ ಹಾಕಿದರೆ ತಪ್ಪನ್ನು ಮುಚ್ಚಿಟ್ಟ ಹಾಗಾಗುತ್ತದೆ ಅಷ್ಟೇ.

ಯಾಕೆ ಸಮ ಬರಲೇಬೇಕು ಅನ್ನೋ ಆ ಹುಡುಗಿಯ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಪೆನ್ನು ಹಿಡಿದು ಓದಿ.

ಮೊದಲು ಅಡ್ಜಸ್ಟ್‌ಮೆಂಟ್ ಯಾವುದನ್ನೂ ಮುಟ್ಟಬೇಡಿ. ಟ್ರಯಲ್ ಬ್ಯಾಲೆನ್ಸ್‌ನಿಂದ ಟ್ರೇಡಿಂಗ್ ಮತ್ತು ಲಾಭ ನಷ್ಟದ ಖಾತೆಗೆ ಹೋಗುವುದನ್ನು ಮಾತ್ರ ಎತ್ತಿ ಪಕ್ಕಕ್ಕೆ ಇಡಿ. ಡೆಬಿಟ್‌ನಲ್ಲಿ ಆರಂಭದ ಸ್ಟಾಕ್, ಖರೀದಿ, ಕೂಲಿ, ಸಂಬಳ, ಬಾಡಿಗೆ, ವಿಮೆ. ಎಲ್ಲ ಸೇರಿ 3,24,000. ಕ್ರೆಡಿಟ್‌ನಲ್ಲಿ ಮಾರಾಟ ಒಂದೇ, 3,00,000. ಈಗಿನ ಮಟ್ಟಿಗೆ 24,000 ನಷ್ಟ ಅಂತ ಕಾಣುತ್ತದೆ, ಹೆದರಬೇಡಿ, ಕೊನೆಯ ಸ್ಟಾಕ್ ಇನ್ನೂ ಬಂದಿಲ್ಲ.

ಉಳಿದಿದ್ದು ಏನು? ಡೆಬಿಟ್‌ನಲ್ಲಿ 1,70,000, ಕ್ರೆಡಿಟ್‌ನಲ್ಲಿ 1,94,000. ಇವುಗಳ ನಡುವಿನ ಅಂತರವೂ 24,000. ಸಮ ಇದ್ದ ಎರಡು ರಾಶಿಯಿಂದ ಸ್ವಲ್ಪ ಸ್ವಲ್ಪ ತೆಗೆದರೆ, ತೆಗೆದದ್ದರಲ್ಲಿ ಎಷ್ಟು ಅಂತರ ಇದೆಯೋ ಉಳಿದದ್ದರಲ್ಲೂ ಅಷ್ಟೇ ಅಂತರ ಇರಲೇಬೇಕು, ಆದರೆ ಎದುರು ಬದಿಗೆ. ಆ 24,000 ನಷ್ಟವನ್ನು ಬಂಡವಾಳದಲ್ಲಿ ಕಳೆದರೆ ಅಂತರ ಮುಚ್ಚಿಹೋಗುತ್ತದೆ. ಲಾಭ ನಷ್ಟವನ್ನು ಬಂಡವಾಳಕ್ಕೆ ಸೇರಿಸುವುದು ಇದಕ್ಕೇ. ಡ್ರಾಯಿಂಗ್ಸ್ 20,000ವನ್ನೂ ಅಲ್ಲೇ ಕಳೆಯಿರಿ. ಬಂಡವಾಳ 76,000, ಕ್ರೆಡಿಟರ್ಸ್ 44,000, ಸಾಲ 30,000, ಒಟ್ಟು 1,50,000. ಈ ಕಡೆ ನಗದು, ಬ್ಯಾಂಕ್, ಡೆಟರ್ಸ್, ಪೀಠೋಪಕರಣ ಕೂಡಿ, ಅದೂ 1,50,000.

ಆಗುಂಬೆ ಮಳೆ
ಅರೆ! ಅಡ್ಜಸ್ಟ್‌ಮೆಂಟ್ ಇಲ್ಲದೆಯೂ ತಾಳೆ ಆಗುತ್ತದಾ? ನಾನು ಎಲ್ಲ ಹಾಕಿದ ಮೇಲೆ ಮಾತ್ರ ಸಮ ಬರೋದು ಅಂದುಕೊಂಡಿದ್ದೆ.

ಹಳೇ ಲೆಕ್ಕಿಗ
ಹೌದು, ಯಾವ ಹಂತದಲ್ಲಿ ನಿಲ್ಲಿಸಿದರೂ ಸಮ ಇರಬೇಕು. ಈಗ ಅಡ್ಜಸ್ಟ್‌ಮೆಂಟ್ ಒಂದೊಂದೇ ಹಾಕಿ, ಹಾಕಿದ ಕೂಡಲೇ ಎರಡು ಬದಿ ನೋಡಿ.

ಕೊನೆಯ ಸ್ಟಾಕ್ 52,000. ಟ್ರೇಡಿಂಗ್ ಖಾತೆಯಲ್ಲಿ ಲಾಭ ಅಷ್ಟು ಏರಿತು, ಆಸ್ತಿಯಲ್ಲಿ ಸ್ಟಾಕ್ ಬಂತು. ಎರಡೂ ಬದಿ 2,02,000.

ಬಾಕಿ ಬಾಡಿಗೆ 1,000. ಲಾಭ 1,000 ಇಳಿಯಿತು, ಕೊಡಬೇಕಾದ ಬಾಡಿಗೆ 1,000 ಏರಿತು. ಎರಡೂ ಎಡಬದಿಯಲ್ಲೇ ನಡೆದ ಕಾರಣ ಮೊತ್ತ ಕದಲಲಿಲ್ಲ, 2,02,000ವೇ ಉಳಿಯಿತು. ಮಕ್ಕಳು ಗಲಿಬಿಲಿ ಆಗುವುದು ಜಾಸ್ತಿ ಇಲ್ಲೇ. ಆಸ್ತಿ ಬದಿಯಲ್ಲಿ ಏನೋ ಬದಲಾಗಬೇಕಿತ್ತು ಅಂತ ಹುಡುಕುತ್ತಾ ಕೂರುತ್ತಾರೆ.

ಮುಂಗಡ ವಿಮೆ 1,500. ಖರ್ಚು ಕಡಿಮೆಯಾಗಿ ಲಾಭ ಏರಿತು, ಆಸ್ತಿಯೂ ಏರಿತು. 2,03,500.

ಸವಕಳಿ 4,000. ಲಾಭವೂ ಇಳಿಯಿತು, ಪೀಠೋಪಕರಣವೂ 36,000ಕ್ಕೆ ಇಳಿಯಿತು. 1,99,500.

ಡೆಟರ್ಸ್ ಮೀಸಲು 3,000. ಲಾಭ ಇಳಿಯಿತು, ಡೆಟರ್ಸ್ 57,000 ಆಯಿತು. 1,96,500.

ಈಗ ಕೊನೆಯ ಎರಡು ಸಾಲು ನೋಡಿ. ಅವಳ ಆಸ್ತಿ ಬದಿ 1,99,500ರಲ್ಲಿ ನಿಂತಿದೆ, ಜವಾಬ್ದಾರಿ ಬದಿ ಮುಂದಿನ ಹಂತಕ್ಕೆ ಹೋಗಿದೆ. ಮೀಸಲನ್ನು ಲಾಭ ನಷ್ಟದಲ್ಲಿ ಬರೆದು, ಡೆಟರ್ಸ್‌ನಲ್ಲಿ ಕಳೆಯುವುದನ್ನು ಬಿಟ್ಟಿರಬೇಕು. ಆಸ್ತಿ ಬದಿಯಲ್ಲಿ ಡೆಟರ್ಸ್ 60,000 ಅಂತ ಇದೆಯಾ ನೋಡಲು ಹೇಳಿ.

ಗಾಂಧಿಬಜಾರ್ ಹುಡುಗ
ಹಾಗಾದರೆ ಅರ್ಧ ಮಾಡುವ ಉಪಾಯ ಬೇಡವೇ ಬೇಡ ಅಂತೀರಾ?

ಹಳೇ ಲೆಕ್ಕಿಗ
ಬೇಡ ಅಂತ ಹೇಳಲ್ಲ. ಮೊದಲು ಪೂರ್ತಿ ವ್ಯತ್ಯಾಸಕ್ಕೆ ಸಮ ಇರುವ ಮೊತ್ತ ಹುಡುಕಿ. ಒಂದು ಕಡೆ ಮಾತ್ರ ಬರೆದು ಇನ್ನೊಂದು ಕಡೆ ಬಿಟ್ಟಿರುವುದು ಅದರಲ್ಲಿ ಸಿಗುತ್ತದೆ. ಅದು ಸಿಗದಿದ್ದರೆ ಅರ್ಧದ ಮೊತ್ತ ಹುಡುಕಿ, ತಪ್ಪು ಬದಿಗೆ ಹೋದದ್ದು ಅದರಲ್ಲಿ ಸಿಗುತ್ತದೆ. ಈ ಲೆಕ್ಕದಲ್ಲಿ 3,000ವೂ ಇದೆ, 1,500ವೂ ಇದೆ, ಹಾಗಾಗಿ ಯಾವ ಬದಿ ಜಾಸ್ತಿ ಅಂತ ಕೇಳದೆ ಬೇರೆ ದಾರಿ ಇಲ್ಲ.

ಹೊಸನಗರ ಸುಮಕ್ಕ
ನನ್ನದೊಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ನಾನು ನಮ್ಮ ಊರಿನ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತೇನೆ. ನಮ್ಮ ಪಟ್ಟಿಯಲ್ಲಿ ಸದಸ್ಯರ ಉಳಿತಾಯದ ಹಣ ಜವಾಬ್ದಾರಿ ಬದಿಗೆ ಬರುತ್ತದೆ. ಈ ವ್ಯಾಪಾರಿಯ ಬಂಡವಾಳವೂ ಅಲ್ಲೇ ಇದೆ. ಅವನದ್ದೇ ದುಡ್ಡು ಅವನಿಗೇ ಹೇಗೆ ಸಾಲ ಆಗುತ್ತದೆ? ಸಂಘದಲ್ಲಿ ಒಬ್ಬರು ಎದ್ದು ನಿಂತು ಇದನ್ನೇ ಕೇಳಿದರು, ನನಗೆ ಬಿಡಿಸಿ ಹೇಳಲು ಬರಲಿಲ್ಲ.

ಹಳೇ ಲೆಕ್ಕಿಗ
ಸುಮಕ್ಕ, ನಿಮ್ಮ ಸಂಘದಲ್ಲಂತೂ ಇದು ನಿಜವಾಗಿಯೂ ಸಾಲವೇ. ಸದಸ್ಯೆ ಬಿಟ್ಟು ಹೋದರೆ ಅವಳ ಉಳಿತಾಯ ಅವಳಿಗೆ ಕೊಡಬೇಕಲ್ಲ. ವ್ಯಾಪಾರಿಯ ಲೆಕ್ಕದಲ್ಲೂ ಅಂಗಡಿ ಬೇರೆ, ಮಾಲೀಕ ಬೇರೆ ಅಂತ ಹಿಡಿಯುತ್ತೇವೆ. ಪಟ್ಟಿಯ ಬಲಬದಿ ಅಂಗಡಿಯಲ್ಲಿ ಏನೇನಿದೆ ಅಂತ ಹೇಳುತ್ತದೆ. ಎಡಬದಿ ಅದರ ಮೇಲೆ ಯಾರ್ಯಾರ ಹಕ್ಕು ಎಷ್ಟು ಅಂತ ಹೇಳುತ್ತದೆ. ಕ್ರೆಡಿಟರ್ಸ್‌ಗೆ 44,000, ಸಾಲ ಕೊಟ್ಟವರಿಗೆ 30,000, ಬಾಡಿಗೆ ಮನೆಯವರಿಗೆ 1,000. ಅವರಿಗೆಲ್ಲ ಕೊಟ್ಟು ಉಳಿದ 1,21,500 ಮಾಲೀಕನದ್ದು. ಉಳಿದದ್ದಷ್ಟೂ ಅವನದ್ದೇ ಅಂತ ಆದ ಮೇಲೆ ಎರಡು ಬದಿ ಸಮ ಬರದೆ ಹೇಗೆ ಇರುತ್ತದೆ?

ಹೊಸನಗರ ಸುಮಕ್ಕ
ಇದು ಸರಿ ಹೋಯಿತು. ಮುಂದಿನ ಸಭೆಯಲ್ಲಿ ಹೀಗೇ ಹೇಳುತ್ತೇನೆ.

ಭದ್ರಾವತಿ ಆಡಿಟ್
ಸುಮ್ನೆ ಮಧ್ಯ ಬಂದೆ. ಬ್ಯಾಲೆನ್ಸ್ ಶೀಟನ್ನು ಈಗ ಎಡ ಬಲ ಅಂತ ಬರೆಯುವುದೇ ಇಲ್ಲ. ಮೇಲಿಂದ ಕೆಳಗೆ ಬರೆಯಬೇಕು, ಮೊದಲು ಈಕ್ವಿಟಿ ಮತ್ತು ಜವಾಬ್ದಾರಿ, ಆಮೇಲೆ ಆಸ್ತಿ. ಇಲ್ಲಿ ಫಾರ್ಮ್ಯಾಟೇ ತಪ್ಪಾಗಿದೆ.

ಹಳೇ ಲೆಕ್ಕಿಗ
ಅದು ಕಂಪನಿಗಳಿಗೆ, 2013ರ ಕಂಪನಿ ಕಾಯ್ದೆಯ ಶೆಡ್ಯೂಲ್ 3. ಈತ ಒಬ್ಬನೇ ನಡೆಸುವ ಅಡಿಕೆ ವ್ಯಾಪಾರಿ. ಫಸ್ಟ್ ಪಿಯುಸಿಯಲ್ಲಿ ಎಡ ಬಲವೇ ನಡೆಯುತ್ತದೆ.

ಭದ್ರಾವತಿ ಆಡಿಟ್
ಓ, ಒಬ್ಬನೇ ಮಾಲೀಕ ಅನ್ನೋದನ್ನು ನೋಡಿರಲಿಲ್ಲ, ಸರಿ. ಆದರೆ ಒಂದು ಮಾತು ಹೇಳಲೇಬೇಕು. ತಾಳೆ ಆಯಿತು ಅಂದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ. ಇದೇ ಲೆಕ್ಕದಲ್ಲಿ ಸವಕಳಿಯನ್ನು ಪೂರ್ತಿ ಮರೆತುಬಿಡಿ, ಲಾಭ ನಷ್ಟದಲ್ಲೂ ಇಲ್ಲ, ಪೀಠೋಪಕರಣದಲ್ಲೂ ಇಲ್ಲ. ಎರಡೂ ಬದಿ 2,00,500 ಬಂದು ಚೆನ್ನಾಗಿ ತಾಳೆ ಆಗುತ್ತದೆ. ಅರ್ಧ ಮರೆತದ್ದು ಮಾತ್ರ ವ್ಯತ್ಯಾಸವಾಗಿ ಹೊರಗೆ ಬರುತ್ತದೆ. ಪೂರ್ತಿ ಮರೆತದ್ದು ಬರುವುದೇ ಇಲ್ಲ.

ಆನವಟ್ಟಿ
ಹಾಗಾದರೆ ತಾಳೆ ನೋಡಿ ಏನು ಪ್ರಯೋಜನ?

ಭದ್ರಾವತಿ ಆಡಿಟ್
ಇದೆ, ಒಂದು ಬಗೆಯ ತಪ್ಪು ಹಿಡಿಯಲು ಮಾತ್ರ. ಉಳಿದದ್ದಕ್ಕೆ ಬೇರೆ ಕೆಲಸ ಮಾಡಬೇಕು. ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಪ್ರಶ್ನೆಪತ್ರಿಕೆಯಲ್ಲಿ ಟ್ರಯಲ್ ಬ್ಯಾಲೆನ್ಸ್ ಒಳಗಿನ ಪ್ರತಿ ಸಾಲಿಗೆ ಪೆನ್ಸಿಲಿನಲ್ಲಿ ಒಂದು ಟಿಕ್, ಅಡ್ಜಸ್ಟ್‌ಮೆಂಟ್ ಒಂದೊಂದಕ್ಕೂ ಎರಡು ಟಿಕ್. ಒಂದೇ ಟಿಕ್ ಬಿದ್ದ ಅಡ್ಜಸ್ಟ್‌ಮೆಂಟ್ ಇದ್ದರೆ ವ್ಯತ್ಯಾಸ ಬರುತ್ತದೆ, ಟಿಕ್ಕೇ ಬೀಳದಿದ್ದರೆ ಮರೆತಿದ್ದೀರಿ.

ಗಾಂಧಿಬಜಾರ್ ಹುಡುಗ
ಡ್ರಾಯಿಂಗ್ಸ್ ಬಗ್ಗೆ ಕೇಳಬೇಕು. ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಅದು ಡೆಬಿಟ್ ಬದಿಯಲ್ಲಿದೆ. ಡೆಬಿಟ್ ಇದ್ದದ್ದು ಒಂದಾ ಖರ್ಚು, ಇಲ್ಲ ಆಸ್ತಿ. ಖರ್ಚಲ್ಲ ಅಂದ ಮೇಲೆ ಆಸ್ತಿಗೆ ಬರಬೇಕಲ್ವಾ? ನಾನು ಹಾಗೆ ಮಾಡಿ ನೋಡಿದೆ, ಎರಡೂ ಬದಿ 2,16,500 ಬಂದು ತಾಳೆಯೂ ಆಯಿತು.

ಭದ್ರಾವತಿ ಆಡಿಟ್
ತಾಳೆ ಆಗುತ್ತದೆ, ಯಾಕೆಂದರೆ ಎಡಗಡೆ 20,000 ಕಳೆಯುವ ಬದಲು ಬಲಗಡೆ 20,000 ಕೂಡಿದ್ದೀರಿ. ಆದರೆ ಅಂಗಡಿಯಲ್ಲಿ ಆ 20,000 ಎಲ್ಲಿದೆ ತೋರಿಸಿ ನೋಡೋಣ. ಮನೆಗೆ ತೆಗೆದುಕೊಂಡು ಹೋಗಿ ಖರ್ಚು ಮಾಡಿ ಆಗಿದೆ. ಅಂಗಡಿಗೆ ವಾಪಸ್ ಬರುವ ಹಣವೂ ಅದಲ್ಲ. ಮಾಲೀಕನ ಹಕ್ಕೇ ಅಷ್ಟು ಕಡಿಮೆಯಾಗಿದೆ, ಅದಕ್ಕೆ ಬಂಡವಾಳದಲ್ಲಿ ಕಳೆಯಬೇಕು. ಡೆಬಿಟ್ ಅಂದರೆ ಖರ್ಚು ಇಲ್ಲವೇ ಆಸ್ತಿ ಅನ್ನೋದು ಪೂರ್ತಿ ಸರಿಯಲ್ಲ, ಬಂಡವಾಳ ಕಡಿಮೆ ಮಾಡುವುದೂ ಡೆಬಿಟ್ಟೇ.

ಕೋಣಂದೂರು
ನಾನು ಒಂದು ದಿನಸಿ ಹೋಲ್‌ಸೇಲ್ ಅಂಗಡಿಯಲ್ಲಿ ಟ್ಯಾಲಿ ಮಾಡುತ್ತೇನೆ. ಹಳೆ ಪುಸ್ತಕದಿಂದ ಓಪನಿಂಗ್ ಬ್ಯಾಲೆನ್ಸ್ ಎಲ್ಲ ಹಾಕಿದ ಮೇಲೆ ಬ್ಯಾಲೆನ್ಸ್ ಶೀಟಲ್ಲಿ Difference in opening balances ಅಂತ ಒಂದು ಸಾಲು ಬಂದು ಕೂತಿದೆ. ಎರಡು ಬದಿ ಮೊತ್ತ ಸಮವೇ ಕಾಣುತ್ತದೆ. ಇದು ತೊಂದರೆಯಾ?

ಭದ್ರಾವತಿ ಆಡಿಟ್
ತೊಂದರೆಯೇ. ನೀವು ಹಾಕಿದ ಡೆಬಿಟ್ ಮತ್ತು ಕ್ರೆಡಿಟ್ ಸಮ ಇಲ್ಲ, ಆ ಸಾಲು ಸೇರಿಸಿಯೇ ಅದು ಸಮ ತೋರಿಸುತ್ತಿದೆ. ಜರ್ನಲ್ ಹಾಕಿ ಅಳಿಸಲು ಹೋಗಬೇಡಿ. ಹಳೆ ಪುಸ್ತಕದ ಕೊನೆಯ ಟ್ರಯಲ್ ಬ್ಯಾಲೆನ್ಸ್ ಇಟ್ಟುಕೊಂಡು ಒಂದೊಂದೇ ಲೆಡ್ಜರ್ ಹೋಲಿಸಿ. ಯಾವುದೋ ಪಾರ್ಟಿಯ ಬಾಕಿ ಬಿಟ್ಟುಹೋಗಿರಬೇಕು, ಇಲ್ಲ ಡೆಬಿಟ್ ಇರಬೇಕಾದದ್ದು ಕ್ರೆಡಿಟ್ ಆಗಿರಬೇಕು.

ಮಂಡಿ ಮನೆ
ಎಲ್ಲರೂ ಲೆಕ್ಕದ ಬಗ್ಗೆ ಮಾತಾಡುತ್ತಿದ್ದೀರಿ, ಸ್ಟಾಕ್ 52,000 ಅನ್ನೋದನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಅಡಿಕೆ ವ್ಯಾಪಾರದಲ್ಲಿ ಇಡೀ ಲಾಭ ನಿಂತಿರುವುದು ಆ ಒಂದು ಅಂಕಿಯ ಮೇಲೆ. ನಾನು ಶಿವಮೊಗ್ಗ ಮಂಡಿಯಲ್ಲಿ ಕೂತವನು. ಉದಾಹರಣೆಗೆ ಮಾರ್ಚ್ ಕೊನೆಗೆ ಗೋಡೌನಲ್ಲಿ ರಾಶಿ ಅನ್ನುವ ಬಗೆಯ ಅಡಿಕೆ ಇದೆ ಅನ್ನಿ, ಕೊಂಡದ್ದು 30,000ಕ್ಕೆ, ಇವತ್ತು ಮಾರಿದರೆ 33,000. ಗೊರಬಲು ಅನ್ನುವ ಇನ್ನೊಂದು ಬಗೆಯೂ ಇದೆ, ಕೊಂಡದ್ದು 22,000ಕ್ಕೆ, ಇವತ್ತು 19,000. ಕೊಂಡ ಬೆಲೆ ಒಟ್ಟು 52,000, ಮಾರುಕಟ್ಟೆ ಬೆಲೆಯೂ ಒಟ್ಟು 52,000. ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಒಂದೊಂದೇ ಮಾಲನ್ನು ಬೇರೆ ನೋಡಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿದರೆ 30,000 ಮತ್ತು 19,000, ಒಟ್ಟು 49,000.

ಹಳೇ ಲೆಕ್ಕಿಗ
ಮಂಡಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಲೆಕ್ಕದ ಪದ್ಧತಿಯೂ ಸಾಮಾನ್ಯವಾಗಿ ಮಾಲು ಮಾಲಾಗಿ ನೋಡಲು ಹೇಳುತ್ತದೆ, ರಾಶಿಯ ಲಾಭವನ್ನು ತೋರಿಸಿ ಗೊರಬಲಿನ ನಷ್ಟ ಮುಚ್ಚಬಾರದು ಅಂತ. 49,000 ಹಾಕಿದರೆ ನಿವ್ವಳ ಲಾಭ 18,500ಕ್ಕೆ ಇಳಿಯುತ್ತದೆ, ಎರಡೂ ಬದಿ 1,93,500 ಆಗಿ ಆಗಲೂ ತಾಳೆ ಆಗುತ್ತದೆ. ಭದ್ರಾವತಿಯವರ ಮಾತಿಗೆ ಇದೂ ಸಾಕ್ಷಿ. ಪರೀಕ್ಷೆಯಲ್ಲಿ ಮಾತ್ರ ಕೊಟ್ಟ ಅಂಕಿಯನ್ನೇ ಹಿಡಿಯಬೇಕು.

ಮಂಡಿ ಮನೆ
ಪರೀಕ್ಷೆ ಬಿಡಿ. ಬ್ಯಾಂಕಿಗೆ ಕೊಡುವ ಪಟ್ಟಿಯಲ್ಲಿ ಬಹಳ ಜನ ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಹಿಡಿದು 55,000 ಅಂತ ಹಾಕಿಬಿಡುತ್ತಾರೆ. ಅದೂ ತಾಳೆ ಆಗುತ್ತದಲ್ಲ.

ಕೊಪ್ಪದ ತೋಟ
ನಮ್ಮಂಥವರದ್ದು ಹೇಳಿ. ತೋಟದ್ದೇ ಅಡಿಕೆ, ಸುಲಿದು ಬೇಯಿಸಿ ಒಣಗಿಸಿ ಮಾಳಿಗೆಯಲ್ಲಿ ಇಟ್ಟಿದ್ದೇವೆ. ಕೊಂಡದ್ದಲ್ಲ. ಅದಕ್ಕೆ ಕೊಂಡ ಬೆಲೆ ಅಂತ ಏನು ಬರೆಯುವುದು? ಕೊನೆ ತೆಗೆದವರ ಕೂಲಿ, ಸುಲಿದ ಕೂಲಿ ಸೇರಿಸಿದರೆ ಸಾಕಾ, ಔಷಧಿ ಹೊಡೆದದ್ದನ್ನೂ ಸೇರಿಸಬೇಕಾ?

ಮಂಡಿ ಮನೆ
ಎಲ್ಲ ಸೇರಿಸಬೇಕು, ಗೊಬ್ಬರ ಕೂಡ. ತೋಟಕ್ಕೆ ಹಾಕಿದ್ದೆಲ್ಲ ಅಡಿಕೆಗೇ ಹಾಕಿದ ಹಾಗೆ.

ಭದ್ರಾವತಿ ಆಡಿಟ್
ನನಗೆ ಹಾಗನ್ನಿಸಲ್ಲ. ಗೊಬ್ಬರ ಈ ಫಸಲಿಗೂ ಆಗುತ್ತದೆ, ಮರಕ್ಕೂ ಆಗುತ್ತದೆ. ಅದೇ ತೋಟದಲ್ಲಿ ಕಾಳುಮೆಣಸೂ ಇದ್ದರೆ ಹಂಚುವುದು ಹೇಗೆ? ಮಾರಿದರೆ ಬರುವ ಬೆಲೆಯಲ್ಲಿ ಮಾರುವ ಖರ್ಚು ಕಳೆದು ಹಿಡಿಯುವುದೇ ಕೊಪ್ಪದವರಿಗೆ ಸುಲಭ.

ಮಂಡಿ ಮನೆ
ಆ ಬೆಲೆ ವಾರಕ್ಕೊಂದು ಇರುತ್ತದೆ ಸ್ವಾಮಿ. ಮಾರ್ಚ್ 31ರ ಬೆಲೆ ಹಿಡಿದು ಲಾಭ ತೋರಿಸಿ, ಏಪ್ರಿಲಲ್ಲಿ ಇಳಿದರೆ?

ಕೊಪ್ಪದ ತೋಟ
ಅದೇ ನಮ್ಮ ಚಿಂತೆ.

ತುಂಗಾತೀರ
ಈಗಷ್ಟೇ ಬಂದಳು. ಲೆಕ್ಕಿಗರು ಹೇಳಿದ ಹಾಗೇ ಇದೆ. ಲಾಭ 21,500 ಬಂದಿದೆ, ಲಾಭ ನಷ್ಟದಲ್ಲಿ ಮೀಸಲು 3,000 ಬರೆದಿದೆ, ಆಸ್ತಿಯಲ್ಲಿ ಡೆಟರ್ಸ್ 60,000 ಹಾಗೇ ಉಳಿದಿದೆ. 57,000 ಮಾಡಿದ ಕೂಡಲೇ ಎರಡೂ ಬದಿ 1,96,500. ಅಡ್ಜಸ್ಟ್‌ಮೆಂಟ್ ಒಂದೊಂದೇ ಹಾಕಿ ಮೊತ್ತ ನೋಡುವುದು ಅವಳಿಗೆ ತುಂಬಾ ಹಿಡಿಸಿತು, 1,50,000ದಿಂದ ಶುರು ಮಾಡಿ ಪೂರ್ತಿ ಮತ್ತೊಮ್ಮೆ ಬರೆದಳು.

ಆದರೆ ಇನ್ನೊಂದು ಕೇಳುತ್ತಿದ್ದಾಳೆ. ಅವಳ ಗೆಳತಿ ಡೆಟರ್ಸ್ 60,000 ಹಾಗೇ ಬಿಟ್ಟು, 3,000 ಮೀಸಲನ್ನು ಜವಾಬ್ದಾರಿ ಬದಿಗೆ ಬರೆದಿದ್ದಾಳಂತೆ. ಅವಳದ್ದು ಎರಡೂ ಬದಿ 1,99,500 ಬಂದು ತಾಳೆ ಆಗಿದೆ. ಅದಕ್ಕೆ ಮಾರ್ಕ್ ಸಿಗುತ್ತದಾ?

ಹಳೇ ಲೆಕ್ಕಿಗ
ಮೀಸಲು ಕ್ರೆಡಿಟ್ ಬಾಕಿಯೇ ಆದ್ದರಿಂದ ಲೆಕ್ಕ ಒಡೆಯುವುದಿಲ್ಲ. ಆದರೆ ಆ 3,000 ಯಾರಿಗೂ ಕೊಡಬೇಕಾದ ಹಣ ಅಲ್ಲ, ಬರುವುದು ಅನುಮಾನ ಅಂತ ಹಿಡಿದ ಹಣ. ಹಾಗಾಗಿ ಡೆಟರ್ಸ್‌ನಲ್ಲಿ ಕಳೆದು ತೋರಿಸಲಿ. ಒಳ ಅಂಕಣದಲ್ಲಿ 60,000 ಬರೆದು ಕೆಳಗೆ 3,000 ಕಳೆದು, ಹೊರ ಅಂಕಣಕ್ಕೆ 57,000 ತರಬೇಕು. ನಾನು ತಿದ್ದುತ್ತಿದ್ದಾಗ ಗೆಳತಿ ಬರೆದಂಥದ್ದಕ್ಕೆ ಒಂದು ಮಾರ್ಕ್ ಕಳೆಯುತ್ತಿದ್ದೆ.

ಭದ್ರಾವತಿ ಆಡಿಟ್
ನಾನು ಕಳೆಯಲ್ಲ. ಲಾಭ ಸರಿ ಇದೆ, ಮೀಸಲು ಪಟ್ಟಿಯಲ್ಲಿ ಕಾಣುತ್ತಿದೆ, ಏನೂ ಮುಚ್ಚಿಟ್ಟಿಲ್ಲ.

ಹಳೇ ಲೆಕ್ಕಿಗ
ಆಸ್ತಿ 3,000 ಜಾಸ್ತಿ ತೋರಿಸಿದ ಹಾಗಾಗಲಿಲ್ಲವಾ? ಪಟ್ಟಿ ನೋಡಿ ಸಾಲ ಕೊಡುವವನು ಬಲಬದಿಯನ್ನೇ ಮೊದಲು ನೋಡುತ್ತಾನೆ.

ಭದ್ರಾವತಿ ಆಡಿಟ್
ಎಡಬದಿಯನ್ನೂ ನೋಡುತ್ತಾನೆ ಮೇಷ್ಟ್ರೇ. ಇದರಲ್ಲಿ ನಾನು ಒಪ್ಪಲ್ಲ.

ತುಂಗಾತೀರ
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಳೆದು ತೋರಿಸುವ ಹಾಗೇ ಬರೆಯಲು ಹೇಳುತ್ತೇನೆ, ಗೆಳತಿಗೂ ತಿಳಿಸುತ್ತಾಳೆ.